ಎಷ್ಟು ಮೆಟ್ಟಿಲು ಅಂತ ಬರೆದರೆ ಜನ ಬರ್ತಾರಾ?

ಪ್ರಶ್ನೆ: ಬೆಳಗಾವಿಯಲ್ಲಿ ನಾನು, ನನ್ನ ಹೆಂಡತಿ ಸೇರಿ ಸಣ್ಣ ಟ್ರಾವೆಲ್ಸ್ ನಡೆಸುತ್ತೇವೆ. ಒಂದೇ ಟೆಂಪೊ ಟ್ರಾವೆಲರ್. ವಯಸ್ಸಾದ ಗಂಡ-ಹೆಂಡತಿಯರನ್ನು ಯಾತ್ರೆಗೆ, ಶನಿವಾರ-ರವಿವಾರದ ಟ್ರಿಪ್ಪಿಗೆ ಕರೆದೊಯ್ಯುತ್ತೇವೆ. ವಾಟ್ಸಾಪಿನಲ್ಲಿ ಹಾಕುವ ನಮ್ಮ ಜಾಹೀರಾತು ಇದು: "ಹಿರಿಯರಿಗಾಗಿಯೇ! ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ, ಗೋಳಗುಮ್ಮಟ. 2 ದಿನ, 7 ಸ್ಥಳ. ಡಿಲಕ್ಸ್ ರೂಮ್, ವಿಐಪಿ ದರ್ಶನ. ಎಲ್ಲ ಸೇರಿ ಕೇವಲ ₹4,999. ಷರತ್ತುಗಳು ಅನ್ವಯ." ಹೋದ ತಿಂಗಳು ಒಬ್ಬ ನಿವೃತ್ತ ಮಾಸ್ತರರ ಹೆಂಡತಿ ಗೋಳಗುಮ್ಮಟ ಹತ್ತಲಾಗದೆ ಕೆಳಗೇ ಕೂತರು. ಪುಣೆಯಲ್ಲಿರುವ ಮಗ ಫೋನ್ ಮಾಡಿ, "ಹಿರಿಯರಿಗಾಗಿಯೇ ಅಂತ ಬರೆದು ಮೋಸ ಮಾಡಿದ್ದೀರಿ, ಗ್ರಾಹಕರ ಕೋರ್ಟಿಗೆ ಹೋಗ್ತೀನಿ" ಅಂದ. ಮೆಟ್ಟಿಲು, ನಡಿಗೆ ಎಲ್ಲ ಬರೆದರೆ ಯಾರೂ ಬರಲ್ಲ ಅನ್ನೋ ಭಯ. ಬರೆಯದಿದ್ದರೆ ಈ ಜಗಳ. ಏನು ಮಾಡಲಿ?

ಉತ್ತರ: ಮೊದಲು ಕೋರ್ಟಿನ ಮಾತು ಮುಗಿಸಿಬಿಡೋಣ, ನಿಮಗೆ ನಿದ್ದೆ ಕೆಡಿಸಿರೋದು ಅದೇ ಅಲ್ವಾ.

ಮಗ ಸುಮ್ನೆ ಹೆದರಿಸುತ್ತಿದ್ದಾನೆ ಅಂದುಕೊಳ್ಳಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸುಳ್ಳು ಹೇಳುವುದು ಮಾತ್ರವಲ್ಲ, ಮುಖ್ಯವಾದ ಮಾಹಿತಿಯನ್ನು ಬೇಕಂತಲೇ ಮುಚ್ಚಿಡುವುದೂ ದಾರಿ ತಪ್ಪಿಸುವ ಜಾಹೀರಾತೇ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. ನಿಮ್ಮನ್ನು ಕಾಪಾಡುತ್ತದೆ ಅಂತ ನೀವು ನಂಬಿರುವ "ಷರತ್ತುಗಳು ಅನ್ವಯ" ಇಲ್ಲಿ ಕೆಲಸಕ್ಕೆ ಬರೋದಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಷರತ್ತು ಮುಖ್ಯ ಮಾತಿನ ಭಾಷೆಯಲ್ಲೇ, ಅದೇ ಅಕ್ಷರದಲ್ಲಿ, ಎದ್ದು ಕಾಣುವಂತೆ ಇರಬೇಕು. ಮುಖ್ಯ ಮಾತನ್ನು ಅದು ಸುಳ್ಳು ಮಾಡಬಾರದು. ಮೇಲೆ "ಎಲ್ಲ ಸೇರಿ" ಅಂತ ಬರೆದು ಕೆಳಗೆ ಸಣ್ಣದಾಗಿ "ಟಿಕೆಟ್ ಬೇರೆ" ಅಂದರೆ ಅದು ಷರತ್ತಲ್ಲ, ತಿರುಗುಬಾಣ. ನಾನು ವಕೀಲನಲ್ಲ. ನೋಟಿಸ್ ಬಂದರೆ ವಕೀಲರ ಹತ್ತಿರ ಹೋಗಿ. ಆದರೆ ಅದಕ್ಕಿಂತ ಮೊದಲು ಮಾಸ್ತರರ ಮನೆಗೇ ಹೋಗಿ ಬನ್ನಿ. ಮಗನ ಜೊತೆ ಫೋನಿನಲ್ಲಿ ವಾದ ಬೇಡ. ಆ ತಾಯಿಯ ಮುಂದೆ ಕೂತು, ತಪ್ಪಾಯಿತು ಅಂತ ಹೇಳಿ, ಅವರಿಗೆ ಸಿಗದೇ ಹೋದ ಅರ್ಧ ದಿನದ ದುಡ್ಡು ವಾಪಸ್ ಕೊಡಿ. ನಾನು ಕಂಡಂತೆ ಇಂಥ ದೂರುಗಳಲ್ಲಿ ಮುಕ್ಕಾಲು ಭಾಗ ಚಹಾ ಕಪ್ಪಿನ ಮುಂದೆಯೇ ಮುಗಿಯುತ್ತವೆ.

ಈಗ ನಿಮ್ಮ ಭಯಕ್ಕೆ ಬರೋಣ. ಮೆಟ್ಟಿಲ ಲೆಕ್ಕ ಓದಿದರೆ ಜನ ಬರೋದಿಲ್ಲ ಅನ್ನೋದು ಈ ವ್ಯಾಪಾರದ ಹಳೆಯ ನಂಬಿಕೆ. ನಾನೂ ಹತ್ತಾರು ವರ್ಷ ನಂಬಿದ್ದೆ. ವಯಸ್ಸಾದ ಜೋಡಿ ಟ್ರಿಪ್ಪಿಗೆ ಬರುವುದು ಹೇಗೆ ತೀರ್ಮಾನವಾಗುತ್ತದೆ ನೋಡಿ. ಯಜಮಾನರು ವಾಟ್ಸಾಪಿನಲ್ಲಿ ಬಂದದ್ದನ್ನು ಗಟ್ಟಿಯಾಗಿ ಓದುತ್ತಾರೆ. ಒಳಗಿನಿಂದ ಬರುವ ಮೊದಲ ಪ್ರಶ್ನೆ, "ಎಷ್ಟ ನಡೀಬೇಕಂತ್ರೀ?" ಬರಹದಲ್ಲಿ ಉತ್ತರ ಇಲ್ಲ. ಎರಡನೆಯದು, "ಕಮೋಡ್ ಐತೇನಂತ?" ಅದಕ್ಕೂ ಇಲ್ಲ. ಆಗ ಬರುವ ಮಾತು, "ನೀವ ಹೋಗಿ ಬರ್ರಿ, ನಾ ಮನ್ಯಾಗ ಇರ್ತೀನಿ." ಅಲ್ಲಿಗೆ ನಿಮ್ಮ ಎರಡೂ ಸೀಟು ಹೋದವು, ಯಾಕಂದರೆ ಒಬ್ಬರೇ ಅವರೂ ಹೊರಡುವುದಿಲ್ಲ. ಜೋಡಿಯಲ್ಲಿ ಯಾರ ಮೊಣಕಾಲು ಸೋತಿದೆಯೋ ಅವರೇ ತೀರ್ಮಾನ ಮಾಡುವವರು. ನಿಮ್ಮ ಜಾಹೀರಾತು ಮಾತಾಡುತ್ತಿರುವುದು ಇನ್ನೊಬ್ಬರ ಜೊತೆ.

ಇನ್ನೊಂದು ವಿಷಯ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಪುಕ್ಕಟೆ. 60 ದಾಟಿದ ಗಂಡಸರಿಗೆ ಟಿಕೆಟಿನಲ್ಲಿ ರಿಯಾಯಿತಿಯೂ ಇದೆ. ಬರೀ ಊರುಗಳ ಹೆಸರು ಬರೆದರೆ ಜನ ಬಸ್ಸಿನ ಲೆಕ್ಕ ಹಾಕುತ್ತಾರೆ. ಅದರಲ್ಲಿ ನೀವು ಗೆಲ್ಲಲಾರಿರಿ. ನೀವು ಮಾರುತ್ತಿರುವುದು ಬಾದಾಮಿಯನ್ನಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲದೆ, ಸಂಡಾಸಕ್ಕೆ ಪರದಾಡದೆ, ಮೆಟ್ಟಿಲ ಹತ್ತಿರ ಕೈ ಹಿಡಿಯುವವರೊಬ್ಬರು ಇರುವ ಹಾಗೆ ಬಾದಾಮಿ ನೋಡುವುದನ್ನು ಮಾರುತ್ತಿದ್ದೀರಿ. ಬರಹದಲ್ಲಿ ಇದರ ಒಂದು ಸಾಲೂ ಇಲ್ಲ.

ಹಾಗಂತ ನಿಮ್ಮ ಜಗಳದ ಬೇರು ಬರಹದಲ್ಲಿ ಮಾತ್ರ ಇಲ್ಲ, ಟ್ರಿಪ್ಪಿನ ಲೆಕ್ಕದಲ್ಲೂ ಇದೆ. ನಿಮ್ಮ 7 ಸ್ಥಳದ ಲೆಕ್ಕವನ್ನು ಒಮ್ಮೆ ಹಾಳೆಯ ಮೇಲೆ ಹಾಕಿ. ಬೆಳಗಾವಿಯಿಂದ ಬಾದಾಮಿ, ಅಲ್ಲಿಂದ ಪಟ್ಟದಕಲ್ಲು, ಐಹೊಳೆ, ಸಂಗಮ, ಆಲಮಟ್ಟಿ, ವಿಜಯಪುರ, ಮತ್ತೆ ಬೆಳಗಾವಿ ಅಂದರೆ 500 ಕಿಲೋಮೀಟರ್ ದಾಟುತ್ತದೆ. ಟೆಂಪೊ ಟ್ರಾವೆಲರ್ ಈ ರಸ್ತೆಗಳಲ್ಲಿ, ವಯಸ್ಸಾದವರನ್ನು ಕೂರಿಸಿಕೊಂಡು, ತಾಸಿಗೆ ಸರಾಸರಿ 45 ಓಡಿದರೆ ಹೆಚ್ಚು. ಬರೀ ಓಡೋದಕ್ಕೇ ಸುಮಾರು 12 ತಾಸು. ಎರಡು ದಿನ ಬೆಳಿಗ್ಗೆ 7ರಿಂದ ರಾತ್ರಿ 8ರವರೆಗೆ ಹಿಡಿದರೆ ನಿಮ್ಮ ಕೈಯಲ್ಲಿರುವುದು 26 ತಾಸು. ನಾಷ್ಟಾ, ಊಟ, ಚಹಾಕ್ಕೆ 5 ತಾಸು ತೆಗೆಯಿರಿ.

ಇನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯದ ಒಂದು ಖರ್ಚಿದೆ: ಹತ್ತಿ ಇಳಿಯುವ ಹೊತ್ತು. ಹತ್ತು-ಹನ್ನೆರಡು ಜನ ಹಿರಿಯರು ಗಾಡಿಯಿಂದ ಇಳಿದು, ಚಪ್ಪಲಿ, ಕೋಲು, ನೀರಿನ ಬಾಟಲಿ ಹೊಂದಿಸಿಕೊಳ್ಳಲು 10 ನಿಮಿಷ. ವಾಪಸ್ ಬಂದು, ಒಬ್ಬೊಬ್ಬರಾಗಿ ಶೌಚಾಲಯಕ್ಕೆ ಹೋಗಿ ಬಂದು, ಹತ್ತಿ ಕೂರಲು 15 ನಿಮಿಷ. ಒಂದು ಸ್ಥಳಕ್ಕೆ 25 ನಿಮಿಷ, ಏನೂ ನೋಡದೆ ಹೋಯಿತು. 7 ಸ್ಥಳಕ್ಕೆ ಸುಮಾರು 3 ತಾಸು. ಈಗ 12, 5, 3 ಕೂಡಿಸಿ 26ರಲ್ಲಿ ಕಳೆಯಿರಿ. ಉಳಿದದ್ದು 6 ತಾಸು. ಸ್ಥಳಕ್ಕೆ 50 ನಿಮಿಷ. ಬಾದಾಮಿಯ ಗುಹೆಗಳಿಗೇ ಹಿರಿಯರಿಗೆ ಒಂದೂವರೆ ತಾಸು ಬೇಕು. ಹಾಗಾಗಿ ನಿಮ್ಮ ಡ್ರೈವರು ಎಲ್ಲ ಕಡೆ "ಲಗೂನ ಬರ್ರಿ, ಲಗೂನ ಬರ್ರಿ" ಅನ್ನುತ್ತಾ ಇರುತ್ತಾನೆ. ಆ ತಾಯಿಗೆ ಗೋಳಗುಮ್ಮಟದಲ್ಲಿ ಬೇಜಾರಾಗಿದ್ದು ಬರೀ ಮೆಟ್ಟಿಲಿನಿಂದಲ್ಲ. ಎರಡು ದಿನದ ಓಟದ ಕೊನೆಗೆ ಆ ಮೆಟ್ಟಿಲು ಎದುರಾಯಿತು, ಅಷ್ಟೆ.

ಹಾಗಾಗಿ ಮೊದಲು ಸ್ಥಳ ಕಡಿಮೆ ಮಾಡಿ. ನಾನಾಗಿದ್ದರೆ ಆಲಮಟ್ಟಿ, ಗೋಳಗುಮ್ಮಟ ಎರಡನ್ನೂ ಬೇರೆ ಟ್ರಿಪ್ಪಿಗೆ ತಳ್ಳುತ್ತೇನೆ. ಐಹೊಳೆ ಬಿಡೋದು ನನಗೂ ಸಂಕಟವೇ. ದಾರಿಯಲ್ಲೇ ಸಿಗುತ್ತದೆ, ದುರ್ಗ ಗುಡಿಯ ಆವರಣ ಸಮತಟ್ಟಾಗಿಯೂ ಇದೆ. ಆದರೆ ಪಟ್ಟದಕಲ್ಲು ನೋಡಿದ ಮೇಲೆ ಮತ್ತೊಂದು ಗುಡಿಯ ಗುಂಪು ಅಂದರೆ ಅರ್ಧ ಜನ ಗಾಡಿಯಲ್ಲೇ ಕೂರುತ್ತಾರೆ. ಇದು ನನ್ನ ಅನುಭವ, ನಿಮ್ಮ ಜನ ಬೇರೆ ಇರಬಹುದು. ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಕೂಡಲಸಂಗಮ ಇಷ್ಟಿಟ್ಟರೆ ಓಟ ಸುಮಾರು 400 ಕಿಲೋಮೀಟರಿಗೆ ಇಳಿಯುತ್ತದೆ. ಮಧ್ಯಾಹ್ನ ಎರಡು ತಾಸು ಮಲಗಲು ಹೊತ್ತು ಸಿಗುತ್ತದೆ. "ಮಧ್ಯಾಹ್ನ ರೂಮಿನಲ್ಲಿ ವಿಶ್ರಾಂತಿ" ಅನ್ನುವ ಸಾಲು "7 ಸ್ಥಳ" ಅನ್ನುವುದಕ್ಕಿಂತ ಜಾಸ್ತಿ ಫೋನ್ ತರುತ್ತದೆ, ಬರೆದು ನೋಡಿ.

ಈಗ ಪ್ರತಿ ಸ್ಥಳದ ಬಗ್ಗೆ ಏನು ಬರೆಯಬೇಕು? "ಸುಲಭ", "ಆರಾಮ", "ಹಿರಿಯರಿಗೆ ಸೂಕ್ತ" ಇವೆಲ್ಲ ಬರೆಯುವವನ ಅಭಿಪ್ರಾಯ. 62ರ ನಿವೃತ್ತ ಪೊಲೀಸರಿಗೆ ಸುಲಭವಾದದ್ದು 74ರ ಅಜ್ಜಿಗೆ ಬೆಟ್ಟ. ಓದುವವರು ತಮ್ಮ ಮೈಗೆ ತಾವೇ ಅಳತೆ ಹಿಡಿದು ನೋಡುವ ಹಾಗೆ ಬರೆಯಿರಿ. ಅದಕ್ಕೆ ಬೇಕಾದದ್ದು ನಾಲ್ಕೇ ಸಂಗತಿ: ಗಾಡಿ ನಿಲ್ಲುವ ಜಾಗದಿಂದ ಎಷ್ಟು ನಡಿಗೆ, ಎಷ್ಟು ಮೆಟ್ಟಿಲು, ಹಿಡಿಯಲು ಕಂಬಿ ಇದೆಯೇ, ಹತ್ತದವರು ಎಲ್ಲಿ ಕೂರುತ್ತಾರೆ ಮತ್ತು ಅವರಿಗೆ ಏನು ಕಾಣುತ್ತದೆ.

ಈ ಕೊನೆಯದನ್ನು ಯಾರೂ ಬರೆಯುವುದಿಲ್ಲ. ಬಾದಾಮಿಯನ್ನೇ ತೆಗೆದುಕೊಳ್ಳಿ. ಮೊದಲ ಗುಹೆಗೆ ಸುಮಾರು 40 ಮೆಟ್ಟಿಲು. 18 ಕೈಗಳ ನಟರಾಜ ಇರುವುದು ಅಲ್ಲೇ. ಮೊಣಕಾಲು ನೋವಿರುವವರು ಅಷ್ಟೇ ಹತ್ತಿ, ಅದನ್ನು ನೋಡಿ, ನೆರಳಿನಲ್ಲಿ ಕೂರಬಹುದು. ಮುಂದೆ ಹೋದರೆ ಎರಡನೇ ಗುಹೆ, ಆಮೇಲೆ ಮೂರನೆಯದು. ಎಲ್ಲಕ್ಕಿಂತ ದೊಡ್ಡದು, ಚೆಲುವಾದದ್ದು ಆ ಮೂರನೆಯದೇ. ಚಾಲುಕ್ಯರ ಮಂಗಲೇಶ ಬರೆಸಿದ 578ರ ಶಾಸನ ಇರುವುದೂ ಅಲ್ಲಿ. ಮೊದಲನೆಯದರಲ್ಲೇ ಕೂತವರಿಗೆ ಅದು ತಪ್ಪುತ್ತದೆ, ಇದನ್ನೂ ಮುಚ್ಚಿಡಬೇಡಿ. "ಮೊದಲ ಗುಹೆ ಸುಮಾರು 40 ಮೆಟ್ಟಿಲು, ಎಲ್ಲ ನಾಲ್ಕೂ ನೋಡಲು ಅದರ ನಾಲ್ಕೈದು ಪಟ್ಟು, ಮೆಟ್ಟಿಲು ಎತ್ತರ-ತಗ್ಗು" ಅಂತ ಬರೆದರೆ ಜೋಡಿ ಮನೆಯಲ್ಲೇ ಮಾತಾಡಿಕೊಂಡು ಬರುತ್ತದೆ: ನೀವು ಮೇಲೆ ಹೋಗಿ ಬರ್ರಿ, ನಾ ನಟರಾಜನ ಹತ್ತಿರ ಕೂಡ್ತೀನಿ. ಅದೇ ಮಾತು ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ಜಗಳ. ಮೆಟ್ಟಿಲನ್ನು ನೀವೇ ಹೋಗಿ ಎಣಿಸಿ, ನನ್ನ ಲೆಕ್ಕವನ್ನೂ ನಂಬಬೇಡಿ. ಕಂಬಿ ಎಲ್ಲಿಂದ ಎಲ್ಲಿಯವರೆಗೆ ಇದೆ ಅಂತ ಫೋಟೊ ತೆಗೆದುಕೊಳ್ಳಿ. ಮಂಗಗಳ ಬಗ್ಗೆಯೂ ಒಂದು ಸಾಲು ಬೇಕು. ಕೈಯಲ್ಲಿ ತಿಂಡಿ ಚೀಲ ಇದ್ದರೆ ಅವು ಬಿಡುವುದಿಲ್ಲ, ಮೆಟ್ಟಿಲ ಮೇಲೆ ಗಾಬರಿಯಾಗಿ ಬಿದ್ದವರನ್ನು ನೋಡಿದ್ದೇನೆ.

ಕೂಡಲಸಂಗಮದಲ್ಲಿ ಸಂಗಮನಾಥನ ಗುಡಿಗೆ ತೊಂದರೆ ಇಲ್ಲ. ಆದರೆ ಬಸವಣ್ಣನವರ ಐಕ್ಯ ಮಂಟಪಕ್ಕೆ ಬಾವಿಯೊಳಗೆ ಇಳಿದ ಹಾಗೆ ಸುತ್ತುಮೆಟ್ಟಿಲು ಇಳಿಯಬೇಕು. ಇಳಿಯುವುದು ಸುಲಭ ಅಂತ ಹೋಗುತ್ತಾರೆ, ಹತ್ತಿ ಬರುವಾಗ ಏದುಸಿರು. ಮೊಣಕಾಲಿಗಂತೂ ಇಳಿಯುವುದೇ ಜಾಸ್ತಿ ಕಷ್ಟ. ಹಾಗಾಗಿ "ಐಕ್ಯ ಮಂಟಪ ದರ್ಶನ" ಅಂತ ಮಾತ್ರ ಬರೆಯದೆ, ಇಳಿದು ಹತ್ತಬೇಕು ಅಂತಲೂ ಸೇರಿಸಿ.

ಗೋಳಗುಮ್ಮಟ ಬೇರೆ ಟ್ರಿಪ್ಪಿಗೆ ಹಾಕಿದಾಗಲೂ ಇದೇ ನಿಯಮ. ಪಿಸುಮಾತು ಕೇಳುವ ಗ್ಯಾಲರಿ ಇರುವುದು ಮೇಲೆ. ಅಲ್ಲಿಗೆ ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ, ಕಡಿದಾದ ಮೆಟ್ಟಿಲೇ ದಾರಿ. ಕೆಳಗೆ ಕೂತವರಿಗೆ ಕಂಬವಿಲ್ಲದ ಆ ದೊಡ್ಡ ಹಜಾರ, ಸಮಾಧಿಗಳು ಕಾಣುತ್ತವೆ, ಪಿಸುಮಾತು ಸಿಗುವುದಿಲ್ಲ. ಈ ಎರಡು ಸಾಲು ನಿಮ್ಮ ಜಾಹೀರಾತಿನಲ್ಲಿದ್ದಿದ್ದರೆ ಮಾಸ್ತರರ ಹೆಂಡತಿ ಒಂದು ಮಡಿಸುವ ಕುರ್ಚಿ, ಓದಲು ಒಂದು ಪುಸ್ತಕ ಹಿಡಿದುಕೊಂಡು ಬರುತ್ತಿದ್ದರು.

ಎರಡು ಸಂಗತಿ ಬರೆಯಲು ನಮಗೆ ಸಂಕೋಚ, ಆದರೆ ಕೇಳುವವರಿಗೆ ಅದೇ ಮುಖ್ಯ. ಮೊದಲನೆಯದು ಶೌಚಾಲಯ. ಬಿಪಿಗೆ ಮೂತ್ರ ಜಾಸ್ತಿ ಮಾಡುವ ಗುಳಿಗೆ ತಗೊಳ್ಳುವವರು ಬಹಳ ಜನ. ದಾರಿಯಲ್ಲಿ ಜಾಗ ಸಿಗುವುದಿಲ್ಲ ಅಂತ ಅವತ್ತು ಗುಳಿಗೆ ಬಿಡುತ್ತಾರೆ, ಇಲ್ಲ ನೀರು ಕುಡಿಯೋದು ಬಿಡುತ್ತಾರೆ. ಹೆಂಗಸರಂತೂ ಬೆಳಿಗ್ಗೆಯಿಂದ ಒಂದು ಗುಟುಕು ಕುಡಿಯದೆ ಕೂತಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತು. "ಎರಡು ತಾಸಿಗೊಮ್ಮೆ ಶೌಚಾಲಯ ಇರುವ ಕಡೆ ಗಾಡಿ ನಿಲ್ಲುತ್ತದೆ" ಅಂತ ಬರೆದು, ಎಲ್ಲೆಲ್ಲಿ ಅಂತ ಊರಿನ ಹೆಸರು ಹಾಕಿ. ಎರಡನೆಯದು ಬರಿಗಾಲು. ಫೆಬ್ರವರಿ ಕಳೆದ ಮೇಲೆ ನಮ್ಮ ಕಡೆ ಗುಡಿಯ ಕಲ್ಲು ಹಂಚಿನ ಹಾಗೆ ಕಾಯುತ್ತದೆ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಪಾದದಲ್ಲಿ ಸುಡುವುದು ಗೊತ್ತಾಗುವುದಿಲ್ಲ. ರಾತ್ರಿ ರೂಮಿಗೆ ಬಂದು ನೋಡಿದರೆ ಬೊಬ್ಬೆ. ಪಟ್ಟದಕಲ್ಲಿನ ವಿರೂಪಾಕ್ಷನಿಗೆ ಈಗಲೂ ಪೂಜೆ ಇದೆ, ಚಪ್ಪಲಿ ಬಿಡಲೇಬೇಕು. "ದಪ್ಪ ಕಾಲುಚೀಲ ತನ್ನಿ" ಅನ್ನುವ ಮೂರು ಪದ ಸಾಕು.

"ಡಿಲಕ್ಸ್ ರೂಮ್" ಅನ್ನುವುದಕ್ಕೆ ಅರ್ಥವೇ ಇಲ್ಲ. ನೆಲಮಹಡಿ ಅಥವಾ ಲಿಫ್ಟ್, ಕಮೋಡ್, ಬಿಸಿನೀರು ಎಷ್ಟು ಹೊತ್ತಿಗೆ, ಎರಡು ಬೇರೆ ಹಾಸಿಗೆ ಸಿಗುತ್ತದೆಯೇ, ಇದನ್ನು ಬರೆಯಿರಿ. ಊಟಕ್ಕೂ ಹಾಗೆಯೇ: ರೊಟ್ಟಿ, ಮೆತ್ತಗಿನ ಅನ್ನ, ಖಾರ ಕಡಿಮೆ, ಉಳ್ಳಾಗಡ್ಡಿ-ಬೆಳ್ಳುಳ್ಳಿ ಇಲ್ಲದ ಊಟ ಮೊದಲೇ ಹೇಳಿದರೆ ಸಿಗುತ್ತದೆ. "ವೈದ್ಯಕೀಯ ಸೌಲಭ್ಯ" ಅಂತ ಬರೆಯುವ ಆಸೆ ಬಂದರೆ ತಡೆಯಿರಿ. ಇರುವುದು ಪ್ರಥಮ ಚಿಕಿತ್ಸೆಯ ಡಬ್ಬಿ, ಡಾಕ್ಟರಲ್ಲ.

ವಿಐಪಿ ದರ್ಶನದ ಮಾತನ್ನು ಮಾತ್ರ ಇವತ್ತೇ ತೆಗೆದುಹಾಕಿ. ದರ್ಶನ ನಿಮ್ಮ ಕೈಯಲ್ಲಿಲ್ಲ, ಗುಡಿಯ ಆಡಳಿತದ ಕೈಯಲ್ಲಿದೆ. ಪರಿಚಯದ ಅರ್ಚಕರು ಒಮ್ಮೆ ಒಳಗೆ ಬಿಟ್ಟಿರಬಹುದು, ಜನ ಜಾಸ್ತಿ ಇದ್ದ ದಿನ ಅವರಿಗೂ ಆಗುವುದಿಲ್ಲ. ಅದರ ಬದಲು ಯಾವ ಸಾಲು ಅಂತ ಹೇಳಿ. ನೀವು ಮುಂದೆ ಪಂಢರಪುರ ಮಾಡುವವರಿದ್ದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ವಿಠ್ಠಲನ ಪಾದ ಮುಟ್ಟುವ ಪದಸ್ಪರ್ಶ ದರ್ಶನದ ಸಾಲು ಬೇರೆ, ದೂರದಿಂದ ಮುಖ ನೋಡುವ ಮುಖದರ್ಶನದ ಸಾಲು ಬೇರೆ. ಮೊದಲನೆಯದು ತಾಸುಗಟ್ಟಲೆ, ಏಕಾದಶಿಗಂತೂ ಕೇಳಬೇಡಿ. ಎರಡನೆಯದು ಬೇಗ ಆಗುತ್ತದೆ. "ದರ್ಶನ" ಅಂತ ಒಂದೇ ಪದ ಬರೆದರೆ ಅಜ್ಜಿಯ ಮನಸ್ಸಿನಲ್ಲಿರುವುದು ಪಾದ ಮುಟ್ಟುವುದು, ನಿಮ್ಮ ಮನಸ್ಸಿನಲ್ಲಿರುವುದು ಮುಖದರ್ಶನ. "ಈ ಟ್ರಿಪ್ಪಿನಲ್ಲಿ ಮುಖದರ್ಶನ ಮಾತ್ರ" ಅಂತ ಬರೆದರೆ ಕೆಲವರು ಬರುವುದಿಲ್ಲ. ಅವರು ಬಾರದಿರುವುದೇ ಒಳ್ಳೆಯದು.

ದಿನವೂ ಮುಖ್ಯ. ಇದರಲ್ಲಿ ನಾನೇ ಪೆಟ್ಟು ತಿಂದವನು. ಶುರುವಿನ ವರ್ಷಗಳಲ್ಲಿ ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ತಂಡ ಕರೆದೊಯ್ದೆ. ಬರಹದಲ್ಲಿ "ಸುಲಭ ನಡಿಗೆ, ನೆಮ್ಮದಿಯ ದರ್ಶನ" ಅಂತ ಹಾಕಿದ್ದೆ. ಖಾಲಿ ದಿನ ಹೋಗಿ ನೋಡಿ ಬರೆದದ್ದು, ಸುಳ್ಳಲ್ಲ. ಹುಣ್ಣಿಮೆಯ ದಿನ ಗಾಡಿ ಎಲ್ಲೋ ದೂರದಲ್ಲಿ ನಿಂತಿತು. ಭಂಡಾರ, ಚೌಡಿಕೆ, ಉಧೋ ಉಧೋ ಅನ್ನುವ ಜನಸಾಗರದಲ್ಲಿ ಒಂದು ಜೋಡಿ ಬೇರೆಯಾಯಿತು. ಯಜಮಾನರು ಸಿಕ್ಕರು, ಅವರ ಹೆಂಡತಿ ಸಿಗಲು ಸಂಜೆಯಾಯಿತು. ಅವರ ಹತ್ತಿರ ಫೋನ್ ಇರಲಿಲ್ಲ. ಅವತ್ತಿನಿಂದ ಪ್ರತಿ ಬರಹದಲ್ಲೂ ತಾರೀಖಿನ ಪಕ್ಕ ತಿಥಿ, ವಾರ ನೋಡುತ್ತೇನೆ. ಯಲ್ಲಮ್ಮನಿಗೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ. ಬನಶಂಕರಿಗೆ ಬನದ ಹುಣ್ಣಿಮೆಯ ಜಾತ್ರೆಯ ಸುತ್ತಿನ ದಿನಗಳು. ಜಾತ್ರೆಯೇ ಬೇಕು ಅನ್ನುವವರಿಗೆ ಬೇರೆ ಟ್ರಿಪ್ ಮಾಡಿ, ಅದರ ಮೇಲೆ "ಜಾತ್ರೆಯ ಗದ್ದಲ ಇರುತ್ತದೆ, ಗಾಡಿ ದೂರ ನಿಲ್ಲುತ್ತದೆ" ಅಂತಲೇ ಬರೆಯಿರಿ.

ದರದ ಬಗ್ಗೆ ಒಂದೇ ಮಾತು. ನಿಮ್ಮ ಗಿರಾಕಿ ಜೋಡಿ, ದರ ತಲೆಗೆ. ₹4,999 ಓದಿ ಬಂದವರಿಗೆ ₹9,998 ಆಗುತ್ತದೆ, ಆಮೇಲೆ ಸ್ಮಾರಕಗಳ ಟಿಕೆಟ್, ಎರಡನೇ ದಿನದ ಊಟ, ಡ್ರೈವರ್ ಭತ್ಯೆ ಅಂತ ದಾರಿಯುದ್ದಕ್ಕೂ ಕೈ ಚೀಲಕ್ಕೆ ಹೋಗುತ್ತದೆ. ಪಿಂಚಣಿಯವರಿಗೆ ದೊಡ್ಡ ಮೊತ್ತಕ್ಕಿಂತ ಪದೇಪದೇ ಕೇಳುವುದು ಸಿಟ್ಟು ತರಿಸುತ್ತದೆ. ಎಲ್ಲ ಕೂಡಿಸಿ, ಜಿಎಸ್‌ಟಿ ಕಟ್ಟುವವರಾದರೆ ಅದನ್ನೂ ಸೇರಿಸಿ, ಜೋಡಿಗೆ ಇಷ್ಟು ಅಂತ ಒಂದೇ ಅಂಕಿ ಬರೆಯಿರಿ. ಸೇರದೇ ಇರುವುದನ್ನು ಅದರ ಕೆಳಗೇ, ಅದೇ ಅಕ್ಷರದಲ್ಲಿ. ರದ್ದಾದರೆ ಎಷ್ಟು ವಾಪಸ್ ಅನ್ನುವುದೂ ಅಲ್ಲೇ ಇರಲಿ. ಈ ವಯಸ್ಸಿನಲ್ಲಿ ಹಿಂದಿನ ದಿನ ಜ್ವರ ಬರುವುದು ಅಪರೂಪವೇನಲ್ಲ. ದುಡ್ಡು ವಾಪಸ್ ಕೊಡಲಾಗದಿದ್ದರೆ ಮುಂದಿನ ಟ್ರಿಪ್ಪಿಗೆ ಜಮಾ ಮಾಡುತ್ತೇವೆ ಅಂತಾದರೂ ಹೇಳಿ.

ಇಷ್ಟೆಲ್ಲ ಬರೆದರೆ ಪುಟ ತುಂಬುತ್ತದೆ, ಯಾರು ಓದುತ್ತಾರೆ ಅಂತ ಕೇಳುತ್ತೀರಿ. ನಿಮ್ಮ ಮುಂದೆ ಮೂರು ದಾರಿಗಳಿವೆ. ಈಗಿನ ಪೋಸ್ಟರನ್ನೇ ಇಟ್ಟುಕೊಂಡು "ವಿಐಪಿ", "ಎಲ್ಲ ಸೇರಿ" ತೆಗೆದುಹಾಕುವುದು ಒಂದು. ಖರ್ಚಿಲ್ಲ, ಆದರೆ ಮೆಟ್ಟಿಲ ಜಗಳ ಹಾಗೆಯೇ ಉಳಿಯುತ್ತದೆ. ಟ್ರಿಪ್ಪುಗಳಿಗೆ "ಸುಲಭ, ಮಧ್ಯಮ, ಕಷ್ಟ" ಅಂತ ದರ್ಜೆ ಹಾಕುವುದು ಇನ್ನೊಂದು. ನೋಡಲು ಅಚ್ಚುಕಟ್ಟು, ಅಪಾಯವೂ ಇದೆ. "ಸುಲಭ" ಅಂತ ಮುದ್ರೆ ಒತ್ತಿದ ಮೇಲೆ ಅದು ನೀವು ಕೊಟ್ಟ ಮಾತಾಗುತ್ತದೆ. ಅವತ್ತು ಲಿಫ್ಟ್ ಕೆಟ್ಟರೂ ನೀವೇ ಹೊಣೆ. ಮೂರನೆಯದು, ಒಂದು ಸಣ್ಣ ಸಂದೇಶ, ಜೊತೆಗೆ ಕೇಳಿದವರಿಗೆ ಕಳಿಸುವ ಒಂದು ಪುಟ. ನಾನು ಇದನ್ನೇ ಮಾಡಿಸುತ್ತೇನೆ. ಇದರಲ್ಲೂ ತೊಂದರೆ ಇಲ್ಲ ಅಂತಲ್ಲ. ಎರಡು ಬರಹ ಹೊಂದಬೇಕು, ದರ ಬದಲಾದಾಗ ಎರಡನ್ನೂ ತಿದ್ದಬೇಕು, ಹಳೆಯದು ಯಾರದೋ ಗ್ರೂಪಿನಲ್ಲಿ ವರ್ಷಗಟ್ಟಲೆ ತಿರುಗುತ್ತಿರುತ್ತದೆ. ಅದಕ್ಕೆ ಎರಡರಲ್ಲೂ "ಈ ದರ ಇಂಥ ತಾರೀಖಿನವರೆಗೆ" ಅಂತ ಹಾಕಿ.

ಸಣ್ಣ ಸಂದೇಶವನ್ನು ಚಿತ್ರದಲ್ಲಿ ಬರೆಸಬೇಡಿ, ಅಕ್ಷರದಲ್ಲೇ ಕಳಿಸಿ. ಹಿರಿಯರ ಫೋನಿನಲ್ಲಿ ಮಕ್ಕಳು ಅಕ್ಷರ ದೊಡ್ಡದು ಮಾಡಿಕೊಟ್ಟಿರುತ್ತಾರೆ. ಸಂದೇಶದ ಅಕ್ಷರ ಅದಕ್ಕೆ ತಕ್ಕಂತೆ ಹಿಗ್ಗುತ್ತದೆ, ಚಿತ್ರದೊಳಗಿನದು ಹಿಗ್ಗುವುದಿಲ್ಲ. ಉದ್ದವಾದರೆ ವಾಟ್ಸಾಪ್ ಅರ್ಧಕ್ಕೆ ಮಡಚುತ್ತದೆ, ಹಾಗಾಗಿ ನಡಿಗೆಯ ಸಾಲು ಮೇಲೇ ಇರಲಿ. ನಿಮ್ಮ ಟ್ರಿಪ್ಪಿಗೆ ನಾನು ಬರೆದರೆ ಹೀಗಿರುತ್ತದೆ, ದರ ಉದಾಹರಣೆಗೆ ಮಾತ್ರ:

"ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಕೂಡಲಸಂಗಮ. 2 ದಿನ, 1 ರಾತ್ರಿ. 5 ಜೋಡಿ ಮಾತ್ರ, 12 ಸೀಟಿನ ಗಾಡಿಯಲ್ಲಿ 10 ಜನ.

ನಡಿಗೆ: ಬನಶಂಕರಿ, ಪಟ್ಟದಕಲ್ಲಿನಲ್ಲಿ ಸಮತಟ್ಟು ನೆಲ, ಗುಡಿಯೊಳಗೆ ಹೋಗಲು ಕೆಲವು ಮೆಟ್ಟಿಲು. ಬಾದಾಮಿಯ ಮೊದಲ ಗುಹೆಗೆ ಸುಮಾರು 40 ಮೆಟ್ಟಿಲು. ಅಷ್ಟೇ ಹತ್ತಿ ಕೂರಬಹುದು, ನಮ್ಮವರೊಬ್ಬರು ಜೊತೆಗಿರುತ್ತಾರೆ. ಐಕ್ಯ ಮಂಟಪಕ್ಕೆ ಇಳಿದು ಹತ್ತಬೇಕು.

ಮೊದಲ ದಿನ ಬೆಳಿಗ್ಗೆ 6.30ಕ್ಕೆ ಹೊರಟು ಬನಶಂಕರಿ, ಊಟ, ರೂಮಿನಲ್ಲಿ ಎರಡು ತಾಸು ವಿಶ್ರಾಂತಿ, ಬಿಸಿಲು ಇಳಿದ ಮೇಲೆ ಗುಹೆಗಳು. ಎರಡನೇ ದಿನ ಪಟ್ಟದಕಲ್ಲು, ಸಂಗಮ. ರಾತ್ರಿ 8ರೊಳಗೆ ಬೆಳಗಾವಿ.

ರೂಮು ನೆಲಮಹಡಿಯಲ್ಲಿ, ಕಮೋಡ್ ಇದೆ. ದಾರಿಯಲ್ಲಿ ಎರಡು ತಾಸಿಗೊಮ್ಮೆ ನಿಲುಗಡೆ.

ಜೋಡಿಗೆ ₹11,800. ಊಟ, ನಾಷ್ಟಾ, ಚಹಾ, ಟಿಕೆಟ್, ತೆರಿಗೆ ಸೇರಿವೆ. ಕಾಣಿಕೆ, ಪೂಜೆ, ನಿಮ್ಮ ಖರೀದಿ ಸೇರಿಲ್ಲ. ಜಾತ್ರೆ, ಹುಣ್ಣಿಮೆಯ ದಿನ ಈ ಟ್ರಿಪ್ ಇಲ್ಲ."

ಇದರಲ್ಲಿ "ಹಿರಿಯರಿಗಾಗಿಯೇ" ಅನ್ನುವ ಪದ ಎಲ್ಲೂ ಇಲ್ಲ, ಗಮನಿಸಿದಿರಾ? 61ರ ಜೋಡಿ ತಮ್ಮನ್ನು ಹಿರಿಯರು ಅಂದುಕೊಂಡಿರುವುದಿಲ್ಲ, 75ರವರಿಗೆ ಹೇಳುವ ಅಗತ್ಯವಿಲ್ಲ. ಪುಣೆ, ಬೆಂಗಳೂರಿನಲ್ಲಿರುವ ಮಕ್ಕಳು ದುಡ್ಡು ಕಳಿಸುವ ಮೊದಲು ಓದುವುದೂ ಇದನ್ನೇ. ಅವರಿಗೆ ಬೇಕಾದದ್ದು ಎಷ್ಟು ಹೊತ್ತಿಗೆ ಎಲ್ಲಿರುತ್ತಾರೆ, ಯಾರು ಜೊತೆಗಿರುತ್ತಾರೆ ಅನ್ನುವುದು. ಒಂದು ಪುಟದ ಹಾಳೆಯಲ್ಲಿ ಅದನ್ನು ಬಿಡಿಸಿ ಬರೆಯಿರಿ, ಜೊತೆಗೆ ಬರುವವರ ಮೊಬೈಲ್ ನಂಬರ್ ಹಾಕಿ.

ಕೊನೆಗೆ ಫೋನಿನ ವಿಷಯ. ಬರಹ ಎಷ್ಟೇ ನೆಟ್ಟಗಿದ್ದರೂ, ಫೋನ್ ಎತ್ತಿದವರು "ಏನೂ ತ್ರಾಸಿಲ್ರೀ ಕಾಕೂ, ಬರ್ರೀ, ನಾವದೀವಿ" ಅಂದುಬಿಟ್ಟರೆ ಬರೆದದ್ದೆಲ್ಲ ನೀರುಪಾಲು. ಜನ ನೆನಪಿಡುವುದು ಆ ಮಾತನ್ನೇ. ಈ ಒಂದು ಪುಟವನ್ನು ರಟ್ಟಿಗೆ ಅಂಟಿಸಿ ಫೋನಿನ ಪಕ್ಕ ಇಡಿ. ನೀವು, ನಿಮ್ಮ ಹೆಂಡತಿ, ಡ್ರೈವರು, ಮೂವರೂ 40 ಅಂದರೆ 40 ಅಂತಲೇ ಹೇಳಬೇಕು. ಫೋನ್ ಇಡುವ ಮೊದಲು ಒಂದು ಪ್ರಶ್ನೆ ಕೇಳಿ: "ಮನ್ಯಾಗ ಇಬ್ಬರದೂ ಮೊಣಕಾಲ ಹೆಂಗದಾವ್ರೀ?" ಉತ್ತರವನ್ನು ಬುಕಿಂಗ್ ವಹಿಯಲ್ಲಿ ಹೆಸರಿನ ಪಕ್ಕ ಬರೆದುಕೊಳ್ಳಿ.